ಒಂದೇ ಸಂಖ್ಯೆ, ಮೂರು ಮುಖ

ಸಾರಾಂಶದಲ್ಲಿ 1.7. ಒಳಗಿನ ಕೋಷ್ಟಕದಲ್ಲಿ 1.65. ಚಿತ್ರದ ಕಂಬದ ನೆತ್ತಿಯ ಮೇಲೆ 1.6. ಮೂರೂ ಒಂದೇ ಸಂಶೋಧನಾ ಪ್ರಬಂಧದ ಸಂಖ್ಯೆಗಳು, ಮೂರೂ ಹೇಳುತ್ತಿರುವುದು ಒಂದೇ ಸಂಗತಿ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಈ ಉದಾಹರಣೆಯನ್ನು ನಾನೇ ಕಟ್ಟಿಕೊಂಡಿದ್ದೇನೆ. ಆದರೆ ಪ್ರಬಂಧಗಳ ಅಂಕಿಅಂಶ ನೋಡಿಕೊಡುವವರಿಗೆ ಇಂಥದ್ದು ಹೊಸದಲ್ಲ. ರಕ್ತಹೀನತೆ ಇರುವ ಗರ್ಭಿಣಿಯರನ್ನು ಎರಡು ಗುಂಪು ಮಾಡಿದ್ದಾರೆ ಎಂದುಕೊಳ್ಳೋಣ. 43 ಮಂದಿಗೆ ಹೊಸ ಬಗೆಯ ಕಬ್ಬಿಣಾಂಶದ ಮಾತ್ರೆ, 41 ಮಂದಿಗೆ ಮೊದಲಿನಿಂದ ಕೊಡುತ್ತಿರುವ ಮಾತ್ರೆ. ಕೆಲವು ವಾರಗಳ ನಂತರ ಪ್ರತಿಯೊಬ್ಬರ ಹಿಮೋಗ್ಲೋಬಿನ್ ಎಷ್ಟು ಏರಿತೆಂದು ಲೆಕ್ಕ ಹಾಕಿದರು. ಹೊಸ ಮಾತ್ರೆಯ ಗುಂಪಿನ ಸರಾಸರಿ ಏರಿಕೆ, ಕಂಪ್ಯೂಟರ್ ಕೊಟ್ಟಂತೆ, ಡೆಸಿಲೀಟರಿಗೆ 1.648 ಗ್ರಾಂ.

ಇದನ್ನು ಎರಡು ದಶಮಾಂಶ ಸ್ಥಾನಕ್ಕೆ ರೌಂಡ್ ಮಾಡಿದರೆ 1.65, ಒಂದು ಸ್ಥಾನಕ್ಕೆ ಮಾಡಿದರೆ 1.6. ಎರಡೂ ಸರಿ. ಹಾಗಾದರೆ 1.7 ಎಲ್ಲಿಂದ ಬಂತು? ಸಾರಾಂಶ ಬರೆಯುವುದು ಕೊನೆಗೆ, ಬಹಳ ಸಲ ರಾತ್ರಿ ಹೊತ್ತಿನಲ್ಲಿ, ಕೋಷ್ಟಕವನ್ನು ಪಕ್ಕದಲ್ಲಿ ಇಟ್ಟುಕೊಂಡು. ಪದಮಿತಿ ಬಿಗಿಯಾಗಿರುತ್ತದೆ, ಒಂದು ದಶಮಾಂಶ ಸಾಕೆನಿಸುತ್ತದೆ. ಕೋಷ್ಟಕದ 1.65ರ ಕೊನೆಯಲ್ಲಿ ಐದಿದೆ, ಶಾಲೆಯಲ್ಲಿ ಕಲಿತಂತೆ ಐದಿದ್ದರೆ ಮೇಲಕ್ಕೆ. 1.7 ಆಯಿತು. ಒಮ್ಮೆ ರೌಂಡ್ ಮಾಡಿದ್ದನ್ನೇ ಮತ್ತೆ ರೌಂಡ್ ಮಾಡಿದ್ದು ಇಲ್ಲಿನ ತಪ್ಪು. ಆ ಐದು ನಿಜವಾದ ಐದಲ್ಲ, ನಾಲ್ಕರಿಂದ ಮೇಲೆ ಎತ್ತಿದ ಐದು. ಅದನ್ನು ನೋಡಿ ಗೊತ್ತುಮಾಡುವ ದಾರಿಯೇ ಇಲ್ಲ, ಮೂಲ ಸಂಖ್ಯೆಗೆ ಮರಳಬೇಕು.

ಎಕ್ಸೆಲ್ ಬಳಸುವವರು ಈ ಗುಂಡಿಗೆ ತಿಳಿಯದೆಯೇ ಬೀಳುತ್ತಾರೆ. ದಶಮಾಂಶ ಕಡಿಮೆ ಮಾಡುವ ಗುಂಡಿ ಒತ್ತಿದಾಗ ಬದಲಾಗುವುದು ಕಣ್ಣಿಗೆ ಕಾಣುವುದು ಮಾತ್ರ, ಕೋಶದೊಳಗೆ 1.648 ಹಾಗೇ ಇರುತ್ತದೆ. ಅದನ್ನು ಒಂದು ಸ್ಥಾನಕ್ಕೆ ಇಳಿಸಿದರೆ 1.6 ಎಂದೇ ತೋರಿಸುತ್ತದೆ. ಅದೇ ಕೋಷ್ಟಕದಿಂದ 1.65 ಎಂದು ನೋಡಿಕೊಂಡು ಬೇರೆ ಹಾಳೆಯಲ್ಲಿ ಟೈಪ್ ಮಾಡಿದರೆ, ಮೂಲ ಅಲ್ಲಿಗೆ ಕಳೆದುಹೋಯಿತು. ಈ ಸಲ ಅದೇ ಗುಂಡಿ 1.7 ತೋರಿಸುತ್ತದೆ. ಚಿತ್ರವನ್ನು ಮೂಲ ದತ್ತಾಂಶದಿಂದ ಬಿಡಿಸಿದವರಿಗೆ 1.6 ಸಿಕ್ಕಿತು, ಸಾರಾಂಶ ಬರೆದವರಿಗೆ 1.7 ಸಿಕ್ಕಿತು. ಇಬ್ಬರೂ ಪ್ರಾಮಾಣಿಕರೇ.

ಹಾಗಾದರೆ ಎಷ್ಟು ದಶಮಾಂಶ ಇರಬೇಕು? ಇದನ್ನು ಬರೆಯುವ ಮೊದಲೇ ತೀರ್ಮಾನಿಸಬೇಕು, ಮತ್ತು ಆ ತೀರ್ಮಾನ ಅಳತೆಯಿಂದ ಹುಟ್ಟಬೇಕು. ಲ್ಯಾಬಿನ ಯಂತ್ರ ಹಿಮೋಗ್ಲೋಬಿನ್ನನ್ನು 9.4, 10.1 ಎಂದು ಒಂದೇ ದಶಮಾಂಶದಲ್ಲಿ ಕೊಡುತ್ತದೆ. ಹಲವರ ಅಳತೆಗಳ ಸರಾಸರಿ ಒಬ್ಬರ ಅಳತೆಗಿಂತ ಸ್ಥಿರವಾಗಿರುವುದರಿಂದ ಅದಕ್ಕೆ ಒಂದು ಸ್ಥಾನ ಹೆಚ್ಚು ಕೊಡುವ ರೂಢಿ ಇದೆ. ಅದಕ್ಕಿಂತ ಹೆಚ್ಚಾದರೆ ಗದ್ದಲ. ನಮ್ಮ ಉದಾಹರಣೆಯಲ್ಲಿ ಏರಿಕೆಯ ಮಾನಕ ವಿಚಲನೆ 1.37. ಅದನ್ನು 43ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 0.2. ಅಂದರೆ ಇನ್ನೊಂದು 43 ಮಂದಿಯನ್ನು ತೆಗೆದುಕೊಂಡಿದ್ದರೆ ಸರಾಸರಿ 0.2ರಷ್ಟು ಆಚೀಚೆ ಸರಿಯುವುದು ಸಹಜ. ಮೊದಲ ದಶಮಾಂಶವೇ ಅಲುಗಾಡುತ್ತಿರುವಾಗ 1.648ರ ಕೊನೆಯ ಎಂಟು ಯಾರಿಗೂ ಏನನ್ನೂ ಹೇಳುವುದಿಲ್ಲ. ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ಟಿಮ್ ಕೋಲ್ 2015ರಲ್ಲಿ ವೈದ್ಯಕೀಯ ಪ್ರಬಂಧಗಳಲ್ಲಿನ ಈ ಅತಿ ಅಂಕಿಗಳ ಬಗ್ಗೆಯೇ ಲೇಖನ ಬರೆದು, ಬೇಡದ ಅಂಕಿಗಳು ಓದುಗನ ಕಣ್ಣನ್ನು ದಾರಿ ತಪ್ಪಿಸುತ್ತವೆ ಎಂದು ವಾದಿಸಿದರು.

ಬೇಡದ ದಶಮಾಂಶ ಹೇಗೆ ಸತ್ಯದ ವೇಷ ತೊಡುತ್ತದೆ ಎನ್ನುವುದಕ್ಕೆ ನಮ್ಮ ಮನೆಯ ಥರ್ಮಾಮೀಟರೇ ಸಾಕ್ಷಿ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಷ್ 1868ರಲ್ಲಿ ಆರೋಗ್ಯವಂತರ ಮೈಶಾಖವೆಂದು ಕೊಟ್ಟದ್ದು 37 ಡಿಗ್ರಿ ಸೆಲ್ಸಿಯಸ್ ಎಂಬ ದುಂಡು ಸಂಖ್ಯೆ. ಫ್ಯಾರನ್‌ಹೀಟಿಗೆ ಬದಲಾಯಿಸಿದಾಗ ಅದು 98.6 ಆಯಿತು. ಆ ‘.6’ ಬಂದದ್ದು ಗುಣಾಕಾರದಿಂದ. ಆದರೂ 98.4 ಬಂದರೆ ಕಡಿಮೆ, 98.8 ಬಂದರೆ ಹೆಚ್ಚು ಎಂದು ನಾವು ಮಕ್ಕಳ ಹಣೆ ಮುಟ್ಟಿ ನೋಡುತ್ತೇವೆ.

ಕಡಿಮೆ ಮಾಡುವುದಕ್ಕೂ ಮಿತಿ ಇದೆ. ಹಳೆಯ ಮಾತ್ರೆಯ ಗುಂಪಿನ ಏರಿಕೆ 1.052 ಎಂದುಕೊಳ್ಳಿ. ಎರಡು ಗುಂಪಿನ ವ್ಯತ್ಯಾಸ 0.596. ಎಲ್ಲವನ್ನೂ ಒಂದೇ ದಶಮಾಂಶಕ್ಕೆ ಇಳಿಸಿದರೆ 1.6, 1.1 ಮತ್ತು 0.6. ಓದುಗ ಮನಸ್ಸಿನಲ್ಲೇ ಕಳೆದು ನೋಡುತ್ತಾನೆ: 1.6ರಲ್ಲಿ 1.1 ಹೋದರೆ 0.5 ಅಲ್ಲವೇ? ಮೂರೂ ಸರಿಯಾಗಿ ರೌಂಡ್ ಆದವೇ, ಆದರೆ ಒಟ್ಟಿಗೆ ನಿಲ್ಲುತ್ತಿಲ್ಲ. ಇದನ್ನು ಹೊಂದಿಸಲು 0.5 ಎಂದು ಬರೆಯುವುದು ದೊಡ್ಡ ತಪ್ಪು. ವ್ಯತ್ಯಾಸವನ್ನು ಯಾವತ್ತೂ ಮೂಲದಿಂದಲೇ ತೆಗೆಯಬೇಕು. ಎರಡು ದಶಮಾಂಶ ಇಟ್ಟುಕೊಂಡರೆ 1.65, 1.05, 0.60, ಲೆಕ್ಕ ಕೂಡುತ್ತದೆ. ಹಾಗಾಗಿ ಈ ಪ್ರಬಂಧಕ್ಕೆ ನಾನು ಎರಡು ಸ್ಥಾನ ಆರಿಸುತ್ತೇನೆ, ಸಾರಾಂಶದಲ್ಲೂ ಅದೇ. ಎಲ್ಲ ಕಡೆ ಹೀಗೆ ಕೂಡಿಬರುವುದಿಲ್ಲ. ಕೂಡದಿದ್ದಲ್ಲಿ ‘ರೌಂಡ್ ಮಾಡಿದ್ದರಿಂದ ಕೊನೆಯ ಅಂಕಿ ಹೊಂದದಿರಬಹುದು’ ಎಂದು ಕೋಷ್ಟಕದ ಅಡಿಯಲ್ಲಿ ಒಂದು ಸಾಲು ಬರೆದರೆ ಸಾಕು. 0.60ರ ಕೊನೆಯ ಸೊನ್ನೆಯನ್ನೂ ಕಾಯ್ದುಕೊಳ್ಳಬೇಕು. ಎಕ್ಸೆಲ್ ತಾನಾಗಿ ಅದನ್ನು ನುಂಗಿ 0.6 ಎಂದು ತೋರಿಸುತ್ತದೆ. ಸೊನ್ನೆ ಹೋದರೆ, ಅಲ್ಲಿಯವರೆಗೆ ಲೆಕ್ಕ ಹಾಕಿದ್ದೇವೆ ಎಂಬ ಮಾತೂ ಹೋಗುತ್ತದೆ.

ಇದೇ ಉದಾಹರಣೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ರೌಂಡ್ ಮಾಡುವುದು ತೀರ್ಪನ್ನೇ ಬದಲಿಸುವುದನ್ನು ಕಾಣಬಹುದು. ಎರಡೂ ಗುಂಪಿನ ಮಾನಕ ವಿಚಲನೆ 1.37 ಆದರೆ ಪಿ-ಮೌಲ್ಯ 0.0496 ಬರುತ್ತದೆ. 0.05ಕ್ಕಿಂತ ಕಡಿಮೆಯಾದರೆ ವ್ಯತ್ಯಾಸವನ್ನು ಗಣನೀಯವೆಂದು ಕರೆಯುವುದು ಹಳೆಯ ರೂಢಿ. ಪಠ್ಯದಲ್ಲಿ ‘ಗಣನೀಯ’ ಎಂದು ಬರೆದು, ಸಾರಾಂಶದಲ್ಲಿ ಎರಡೇ ಸ್ಥಾನ ಇಟ್ಟರೆ ಪಿ 0.05 ಆಗುತ್ತದೆ. 0.05 ಎಂಬುದು 0.05ಕ್ಕಿಂತ ಕಡಿಮೆ ಹೇಗಾಯಿತು ಎಂದು ಪರಿಶೀಲಕರು ಕೇಳಿಯೇ ಕೇಳುತ್ತಾರೆ. ವ್ಯತ್ಯಾಸದ 95% ವಿಶ್ವಾಸಾಂತರ 0.001ರಿಂದ 1.191. ಎರಡು ದಶಮಾಂಶಕ್ಕೆ ಇಳಿಸಿದೊಡನೆ 0.00ರಿಂದ 1.19. ಸೊನ್ನೆಯನ್ನು ಮುಟ್ಟಿದ ಅಂತರವೆಂದರೆ ವ್ಯತ್ಯಾಸ ಇಲ್ಲದಿರಲೂಬಹುದು ಎಂದರ್ಥ. ಇಲ್ಲಿ ದಶಮಾಂಶ ಹೆಚ್ಚಿಸಿ ‘ಗಣನೀಯ’ವನ್ನು ಉಳಿಸಿಕೊಳ್ಳುವುದು ಬಾಯಿಮಾತಿನ ಗೆಲುವು ಎಂದೇ ನನಗನಿಸುತ್ತದೆ. ಮೂರನೆಯ ದಶಮಾಂಶದ ಮೇಲೆ ನಿಂತಿರುವ ತೀರ್ಮಾನ ದುರ್ಬಲ, ಅದನ್ನು ಹಾಗೆಯೇ ಹೇಳಬೇಕು. ಪಿ-ಮೌಲ್ಯಕ್ಕೆ ಈ ಪ್ರಬಂಧದಲ್ಲಿ ನಾಲ್ಕು ಸ್ಥಾನ ಇಡುವುದಾದರೆ ಎಲ್ಲ ಕಡೆಯೂ 0.0496 ಇರಲಿ, ಜೊತೆಗೆ ವಿಶ್ವಾಸಾಂತರ ಸೊನ್ನೆಯ ಅಂಚಿನಲ್ಲಿದೆ ಎಂಬ ವಾಕ್ಯವೂ ಇರಲಿ. ಇನ್ನು ಎಸ್‌ಪಿಎಸ್‌ಎಸ್ ತಂತ್ರಾಂಶ .000 ಎಂದು ತೋರಿಸಿದಾಗ ಅದನ್ನು ನಕಲಿಸುವುದು ಬೇಡ. ಪಿ ಸೊನ್ನೆಯಾಗುವುದಿಲ್ಲ, ಬರೆಯಬೇಕಾದ್ದು p < 0.001.

ಐದರ ವಿಷಯದಲ್ಲಿ ಯಂತ್ರಗಳೂ ಒಮ್ಮತದಲ್ಲಿಲ್ಲ. ಮೊದಲನೆಯ ಸಾಲು ಎಕ್ಸೆಲ್‌ಗೆ, ಎರಡನೆಯದು ಪೈಥಾನ್‌ಗೆ:

```
=ROUND(2.5, 0)
round(2.5)
```

ಎಕ್ಸೆಲ್ 3 ಎನ್ನುತ್ತದೆ, ಪೈಥಾನ್ 2 ಎನ್ನುತ್ತದೆ. ಸರಿಯಾಗಿ ನಡುವೆ ಬಿದ್ದ ಸಂಖ್ಯೆಯನ್ನು ಪೈಥಾನ್ ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ, ಆದ್ದರಿಂದ 2.5 ಎರಡಾಗುತ್ತದೆ, 3.5 ನಾಲ್ಕಾಗುತ್ತದೆ. ಇದು ವಿದೇಶಿ ಚಮತ್ಕಾರವೇನಲ್ಲ. ಭಾರತದ ಮಾನಕ ಐಎಸ್ 2:1960 ಹೇಳಿದ್ದೂ ಇದೇ ನಿಯಮವನ್ನು. ಯಾವಾಗಲೂ ಮೇಲಕ್ಕೇ ಎತ್ತುತ್ತಾ ಹೋದರೆ ಒಟ್ಟು ಮೊತ್ತ ನಿಧಾನವಾಗಿ ಉಬ್ಬುತ್ತದೆ ಎನ್ನುವುದು ಅದರ ಹಿಂದಿನ ಕಾರಣ. ಕೋಷ್ಟಕವನ್ನು ಒಬ್ಬರು ಎಕ್ಸೆಲ್‌ನಲ್ಲಿ, ಚಿತ್ರವನ್ನು ಇನ್ನೊಬ್ಬರು ಪೈಥಾನ್‌ನಲ್ಲಿ ಮಾಡುವ ತಂಡಗಳು ಇದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಶೇಕಡಾ ಲೆಕ್ಕದಲ್ಲಿ ತಪ್ಪು ಇನ್ನೂ ಬೇಗ ಸಿಕ್ಕಿಬೀಳುತ್ತದೆ. 43 ಮಂದಿಯಲ್ಲಿ 27 ಜನರಿಗೆ ರಕ್ತಹೀನತೆ ವಾಸಿಯಾಯಿತು ಎಂದುಕೊಳ್ಳಿ. ಅದು 62.79, ಅಂದರೆ ಶೇ 63. ಸಾರಾಂಶದಲ್ಲಿ ಶೇ 62 ಎಂದು ಇದ್ದರೆ, ದತ್ತಾಂಶ ನೋಡದೆಯೇ ಅದು ತಪ್ಪೆಂದು ಹೇಳಬಹುದು. ಏಕೆಂದರೆ 26 ಮಂದಿ ಅಂದರೆ ಶೇ 60, 27 ಅಂದರೆ ಶೇ 63. ನಡುವೆ ಇನ್ನೊಬ್ಬ ಹೆಂಗಸು ಇಲ್ಲ. ಯಾರೋ ದಶಮಾಂಶವನ್ನು ರೌಂಡ್ ಮಾಡದೆ ಕತ್ತರಿಸಿ ಎಸೆದಿದ್ದಾರೆ. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ಎಂಬ ಸಂಶೋಧಕರು ಇದೇ ತರ್ಕದಿಂದ ‘ಗ್ರಿಮ್’ ಎಂಬ ಪರೀಕ್ಷೆ ರೂಪಿಸಿದರು. ಮನಶ್ಶಾಸ್ತ್ರದ ಪತ್ರಿಕೆಗಳಲ್ಲಿ ಈ ಪರೀಕ್ಷೆಗೆ ಒಗ್ಗುವ 71 ಪ್ರಬಂಧಗಳನ್ನು ನೋಡಿದಾಗ, ಅವುಗಳಲ್ಲಿ ಸುಮಾರು ಅರ್ಧದಲ್ಲಿ ಇರಲು ಸಾಧ್ಯವೇ ಇಲ್ಲದ ಸರಾಸರಿ ಒಂದಾದರೂ ಇತ್ತು. ಎಣಿಕೆಯಿಂದ ಬಂದ ಸಂಖ್ಯೆಗಳಿಗೆ, ಅದೂ ಜನ ಕಡಿಮೆ ಇದ್ದಾಗ ಮಾತ್ರ ಈ ಪರೀಕ್ಷೆ ನಡೆಯುತ್ತದೆ. ಸಾವಿರ ಮಂದಿಯ ಅಧ್ಯಯನದಲ್ಲಿ ಪ್ರತಿ ಶೇಕಡಾಕ್ಕೂ ಯಾರಾದರೂ ಸಿಕ್ಕೇ ಸಿಗುತ್ತಾರೆ.

43 ಮಂದಿಯ ಗುಂಪಿನಲ್ಲಿ ಒಬ್ಬ ಹೆಂಗಸಿನ ಬೆಲೆ ಶೇ 2.3. ಹಾಗಿರುವಾಗ ಶೇ 62.79 ಎಂದು ಬರೆದು ಏನು ಪ್ರಯೋಜನ? ಶೇ 63 ಸಾಕು, ಪಕ್ಕದಲ್ಲಿ 27/43 ಎಂದು ಬರೆದರೆ ಬೇಕಾದವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಸಾರಾಂಶ ಒಳಗಿನ ಪ್ರಬಂಧಕ್ಕೆ ಹೊಂದದಿರುವುದು ಸಣ್ಣ ಪತ್ರಿಕೆಗಳ ಕಾಯಿಲೆ ಮಾತ್ರವಲ್ಲ. ರಾಯ್ ಪಿಟ್ಕಿನ್ ಮತ್ತು ಸಂಗಡಿಗರು 1999ರಲ್ಲಿ ಆರು ಹೆಸರಾಂತ ವೈದ್ಯಕೀಯ ಪತ್ರಿಕೆಗಳನ್ನು ತೆಗೆದುಕೊಂಡು, ಸಾರಾಂಶದ ದತ್ತಾಂಶವನ್ನು ಒಳಗಿನದರೊಂದಿಗೆ ಹೋಲಿಸಿದರು. ಒಳಗಿನದಕ್ಕೆ ಹೊಂದದ, ಅಥವಾ ಒಳಗೆ ಎಲ್ಲೂ ಕಾಣದ ಮಾಹಿತಿ ಇದ್ದ ಸಾರಾಂಶಗಳು ಪತ್ರಿಕೆಯಿಂದ ಪತ್ರಿಕೆಗೆ ಶೇ 18ರಿಂದ ಶೇ 68ರವರೆಗೆ ಇದ್ದವು. ಎಷ್ಟೋ ಜನ ಓದುವುದು ಸಾರಾಂಶವನ್ನು ಮಾತ್ರ ಎಂದು ನೆನೆದರೆ ಮನಸ್ಸು ಕುಗ್ಗುತ್ತದೆ.

ನಾನು ಮಾಡಿಸುವುದು ಇಷ್ಟು. ಬರವಣಿಗೆಗೆ ಮುಂಚೆ ಒಂದು ಹಾಳೆ. ಪ್ರಬಂಧದಲ್ಲಿ ಬರಲಿರುವ ಒಂದೊಂದು ಸಂಖ್ಯೆಗೂ ಅದರಲ್ಲಿ ಒಂದು ಸಾಲು: ಹೆಸರು, ಕಂಪ್ಯೂಟರ್ ಕೊಟ್ಟ ಪೂರ್ಣ ಮೌಲ್ಯ, ಎಷ್ಟು ಸ್ಥಾನ, ಅಚ್ಚಾಗಬೇಕಾದ ರೂಪ. ಏರಿಕೆಗೆ 1.648, ಎರಡು ಸ್ಥಾನ, 1.65. ಸಾರಾಂಶ, ಪಠ್ಯ, ಕೋಷ್ಟಕ, ಚಿತ್ರದ ಕಂಬದ ನೆತ್ತಿ, ಎಲ್ಲವೂ ಕೊನೆಯ ಅಂಕಣದಿಂದಲೇ ತೆಗೆದುಕೊಳ್ಳಬೇಕು, ಒಂದರಿಂದ ಇನ್ನೊಂದಕ್ಕೆ ನಕಲಿಸುವಂತಿಲ್ಲ. ಚಿತ್ರದ ಪಕ್ಕದ ಅಕ್ಷದಲ್ಲಿ ಮಾತ್ರ ರಿಯಾಯಿತಿ: ಅಲ್ಲಿ 0.5, 1.0, 1.5 ಸಾಕು, ಏಕೆಂದರೆ ಅದು ಅಳತೆಗೋಲು, ಫಲಿತಾಂಶವಲ್ಲ. ಪರಿಶೀಲಕರ ಸೂಚನೆಯಂತೆ ಯಾರನ್ನಾದರೂ ಅಧ್ಯಯನದಿಂದ ಕೈಬಿಟ್ಟು ಲೆಕ್ಕ ಮತ್ತೆ ಮಾಡಿದರೆ, ಮೊದಲು ಬದಲಾಗಬೇಕಾದ್ದು ಈ ಹಾಳೆ. ಕೋಷ್ಟಕ ಹೊಸದಾಗಿ, ಸಾರಾಂಶ ಹಳೆಯದಾಗಿ ಉಳಿಯುವುದು ಹೆಚ್ಚಾಗಿ ಈ ಘಟ್ಟದಲ್ಲೇ.

ಪ್ರೂಫ್ ಬಂದ ದಿನ ಪ್ರಬಂಧ ಬರೆಯದ ಒಬ್ಬರ ಕೈಗೆ ಕೆಂಪು ಪೆನ್ನು ಕೊಡುತ್ತೇನೆ. ಅವರು ಸಾರಾಂಶದ ಮೊದಲ ಸಂಖ್ಯೆಯಿಂದ ಶುರುಮಾಡಿ, ಒಂದೊಂದನ್ನೂ ಕೋಷ್ಟಕದಲ್ಲಿ ಹುಡುಕಿ, ಚಿತ್ರದಲ್ಲಿ ಹುಡುಕಿ, ಮೂರೂ ಕಡೆ ಕೊನೆಯ ಸೊನ್ನೆಯವರೆಗೆ ಒಂದೇ ಇದ್ದರೆ ಗೆರೆ ಎಳೆಯುತ್ತಾರೆ. ಹತ್ತು ಪುಟದ ಪ್ರಬಂಧಕ್ಕೆ ಒಂದು ಮಧ್ಯಾಹ್ನ ಬೇಕಾಗುತ್ತದೆ. ಗೆರೆ ಬೀಳದೆ ಉಳಿದ ಸಂಖ್ಯೆಗಳನ್ನು ಹಿಡಿದುಕೊಂಡು ನಾವು ಮತ್ತೆ ಹಾಳೆಗೆ ಹೋಗುತ್ತೇವೆ.