ಖಾಲಿ ಕೋಶದಲ್ಲಿ ಅಡಗುವ ದಂಡ

ಸದಸ್ಯ ಸಂಖ್ಯೆ 214, ‘ಚೋಮನ ದುಡಿ’ಯನ್ನು 2025ರ ಜೂನ್ 4ರಂದು ಒಯ್ದರು ಎಂದುಕೊಳ್ಳೋಣ. ಅವಧಿ 15 ದಿನ, ಆಮೇಲೆ ದಿನಕ್ಕೊಂದು ರೂಪಾಯಿ ದಂಡ. ಎಕ್ಸೆಲ್‌ನಲ್ಲಿ ಕೊಟ್ಟ ದಿನಾಂಕ C ಕಾಲಂನಲ್ಲಿದ್ದರೆ, D ಕಾಲಂನಲ್ಲಿ =C2+15 ಎಂದರೆ ಗಡುವು ಜೂನ್ 19 ಎಂದು ಬರುತ್ತದೆ. ಪುಸ್ತಕ 27ಕ್ಕೆ ಮರಳಿದರೆ 8 ದಿನ ತಡ, 8 ರೂಪಾಯಿ.

ಪುಸ್ತಕ ಮರಳದಿದ್ದರೆ?

ಆಗ ವಾಪಸಾತಿಯ E ಕಾಲಂ ಖಾಲಿ. ಎಕ್ಸೆಲ್ ಖಾಲಿಯನ್ನು ಸೊನ್ನೆಯೆಂದು ಲೆಕ್ಕ ಹಿಡಿಯುತ್ತದೆ. ಅದರಿಂದ ಗಡುವನ್ನು ಕಳೆದರೆ ಮೈನಸ್ 45,827. ಬೇಗ ತಂದವರಿಗೆ ಮೈನಸ್ ದಂಡ ಬೀಳದಿರಲಿ ಎಂದು ಹಾಕುವ MAX ಇದನ್ನೂ ಸೊನ್ನೆ ಮಾಡಿಬಿಡುತ್ತದೆ. ಹೀಗೆ ತಿಂಗಳುಗಟ್ಟಲೆ ಬಾರದ ಪುಸ್ತಕದ ಮುಂದೆಯೂ ‘ದಂಡ 0’ ಎಂದೇ ಕಾಣುತ್ತದೆ. ಗ್ರಂಥಪಾಲಕರು ಬೆನ್ನುಹತ್ತಬೇಕಾದ ಪುಸ್ತಕವೇ ಕಣ್ತಪ್ಪುತ್ತದೆ. ಖಾಲಿಯಿದ್ದರೆ ಇಂದಿನ ದಿನಾಂಕ ಹಿಡಿ ಎಂದು ಸೂತ್ರಕ್ಕೇ ಹೇಳಬೇಕು:

```
=MAX(0,IF(E2="",TODAY(),E2)-D2)*1
```

ಕೊನೆಯ 1 ದಿನದ ದರ.

ಇನ್ನೊಂದು ಎಚ್ಚರಿಕೆ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 04/06 ಎಂದು ಬರೆದದ್ದು ಏಪ್ರಿಲ್ 6 ಆಗಿ, ಗಡುವು ಏಪ್ರಿಲ್ 21ಕ್ಕೆ ಜಿಗಿಯುತ್ತದೆ. ತಿಂಗಳನ್ನು ಹೆಸರಿನಲ್ಲೇ ತೋರಿಸುವಂತೆ ಕಾಲಂ ಹೊಂದಿಸಿದರೆ ಈ ತಪ್ಪು ನಮೂದಿಸುವಾಗಲೇ ಸಿಕ್ಕಿಬೀಳುತ್ತದೆ.