ಅರವತ್ತು ಸಾವಿರದ ಬಿಲ್ಲು, ಐವತ್ತನಾಲ್ಕು ಸಾವಿರದ ಪಾವತಿ

ಹುಬ್ಬಳ್ಳಿಯಲ್ಲೊಂದು ಸೀರೆ ಅಂಗಡಿ ಇದೆ ಎಂದುಕೊಳ್ಳೋಣ. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾದ ಅಂಗಡಿ. ಮಳಿಗೆಗೆ ಹೊಸ ರೂಪ ಕೊಡಲು ಒಬ್ಬ ಒಳಾಂಗಣ ವಿನ್ಯಾಸಕಿಗೆ ನಕ್ಷೆಯ ಕೆಲಸ ಗುತ್ತಿಗೆ ಕೊಟ್ಟಿದ್ದಾರೆ. ಶುಲ್ಕ 60,000 ರೂಪಾಯಿ. ವಿನ್ಯಾಸಕಿ 2025ರ ಜುಲೈ 18ರಂದು ಬಿಲ್ ಕೊಟ್ಟರು, ಅಂದೇ ಹಣವೂ ಬಂತು. ಬಂದದ್ದು ಮಾತ್ರ 54,000.

"ಆರು ಸಾವಿರ ಕಡಿಮಿ ಬಂದದಲ್ರೀ?" ಎಂದು ಸಂಜೆ ಫೋನು.

"ಟಿಡಿಎಸ್ ಹಿಡದೀವ್ರೀ ಮೇಡಂ" ಎಂದರು ಅಂಗಡಿಯ ಲೆಕ್ಕ ಬರೆಯುವವರು.

ಹಿಡಿದದ್ದು ಸರಿಯೇ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಮಿನಂತೆ, ಒಬ್ಬರಿಗೆ ವರ್ಷದಲ್ಲಿ ಕೊಡುವ ವೃತ್ತಿ ಶುಲ್ಕ 50,000 ದಾಟಿದರೆ ಶೇ. 10ರಷ್ಟನ್ನು ಕೊಡುವವರೇ ಮೊದಲು ಕಡಿದು ಸರ್ಕಾರಕ್ಕೆ ಕಟ್ಟಬೇಕು. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30,000 ಇತ್ತು. ವಕೀಲರು, ವೈದ್ಯರು, ಎಂಜಿನಿಯರುಗಳ ಜೊತೆಗೆ ಒಳಾಂಗಣ ವಿನ್ಯಾಸವೂ ವೃತ್ತಿಗಳ ಪಟ್ಟಿಯಲ್ಲಿದೆ. ಅದೇ ನಕ್ಷೆ ಹಿಡಿದು ಕಪಾಟು, ಕೌಂಟರ್ ಮಾಡಿಕೊಡುವ ಬಡಗಿ ಮೇಸ್ತ್ರಿಗೆ ಈ ಕಲಮು ತಾಗುವುದಿಲ್ಲ. ಅವರದು ಕಾಮಗಾರಿಯ ಗುತ್ತಿಗೆ, 194ಸಿ ಕಲಮು, ವ್ಯಕ್ತಿಯಾದರೆ ಶೇ. 1. ಊರ ಮಾತಿನಲ್ಲಿ ಇಬ್ಬರೂ 'ಕಾಂಟ್ರ್ಯಾಕ್ಟರ್' ಆದ್ದರಿಂದ ಇಬ್ಬರಿಗೂ ಒಂದೇ ದರ ಹಾಕಿಬಿಡುವ ಪ್ರಮಾದ ಇಲ್ಲಿಂದಲೇ ಶುರುವಾಗುತ್ತದೆ.

ಇನ್ನು ಪುಸ್ತಕಕ್ಕೆ ಬರೋಣ. ಬ್ಯಾಂಕಿನಿಂದ ಹೋದದ್ದು 54,000, ಹಾಗಾಗಿ ಖರ್ಚೂ ಅಷ್ಟೇ ಎಂದು ಬರೆದುಬಿಡುವುದು ಹೊಸಬರ ಸಾಮಾನ್ಯ ತಪ್ಪು. ಅಂಗಡಿ ಪಡೆದ ಸೇವೆಯ ಬೆಲೆ 60,000. ಆದ್ದರಿಂದ ಪಾವತಿಯ ದಿನ ವೃತ್ತಿ ಶುಲ್ಕದ ಖಾತೆಗೆ ಪೂರ್ತಿ 60,000 ಡೆಬಿಟ್ ಆಗಬೇಕು. ಎದುರಿಗೆ ಬ್ಯಾಂಕ್ ಖಾತೆಗೆ 54,000 ಕ್ರೆಡಿಟ್, 'ಕಟ್ಟಬೇಕಾದ ಟಿಡಿಎಸ್' ಎಂಬ ಖಾತೆಗೆ 6,000 ಕ್ರೆಡಿಟ್. ಈ ಆರು ಸಾವಿರ ಅಂಗಡಿಯ ಹಣವಲ್ಲ, ಅಂಗಡಿಯ ಮೇಲಿನ ತೆರಿಗೆಯೂ ಅಲ್ಲ. ವಿನ್ಯಾಸಕಿಯ ತೆರಿಗೆ, ಸರ್ಕಾರಕ್ಕೆ ಸೇರುವ ತನಕ ಅಂಗಡಿಯ ಕೈಯಲ್ಲಿರುವ ಬಾಕಿ.

ಜುಲೈನಲ್ಲಿ ಹಿಡಿದದ್ದನ್ನು ಆಗಸ್ಟ್ 7ರೊಳಗೆ ಕಟ್ಟಬೇಕು. ಮಾರ್ಚ್‌ನದಕ್ಕೆ ಮಾತ್ರ ಏಪ್ರಿಲ್ 30ರ ತನಕ ಅವಕಾಶ. ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ಅಂಗಡಿಯ ಟ್ಯಾನ್ ಸಂಖ್ಯೆ ಹಾಕಿ, 281ರ ಚಲನ್ ತೆಗೆದು ಹಣ ಕಟ್ಟಿದ ದಿನ ಎರಡನೆಯ ಎಂಟ್ರಿ: 'ಕಟ್ಟಬೇಕಾದ ಟಿಡಿಎಸ್' ಡೆಬಿಟ್ 6,000, ಬ್ಯಾಂಕ್ ಕ್ರೆಡಿಟ್ 6,000. ಖರ್ಚಿನ ಖಾತೆಯನ್ನು ಈ ಸಲ ಮುಟ್ಟುವಂತಿಲ್ಲ. ಮುಟ್ಟಿದರೆ ಒಂದೇ ಬಿಲ್ಲಿಗೆ 66,000 ಖರ್ಚು ಬಿದ್ದಿರುತ್ತದೆ, ಬಾಕಿ ಖಾತೆಯಲ್ಲಿ 6,000 ಹಾಗೇ ಉಳಿದಿರುತ್ತದೆ. ತಪ್ಪು ಹಿಡಿಯುವ ದಾರಿಯೂ ಅದೇ. ಬೇರೆ ಯಾವ ಕಡಿತವೂ ಇಲ್ಲದಿದ್ದರೆ, ಚಲನ್ ಕಟ್ಟಿದ ಮೇಲೆ ಆ ಖಾತೆ ಸೊನ್ನೆಗೆ ಬರಬೇಕು.

ಚಲನ್ ಕಟ್ಟುವುದು ಒಂದೇ ದಿನ ತಡವಾಗಿ ಆಗಸ್ಟ್ 8 ಆಯಿತೆನ್ನಿ. ಬಡ್ಡಿ ತಿಂಗಳಿಗೆ ಶೇ. 1.5. ಅದು ಆಗಸ್ಟ್ 7ರಿಂದಲ್ಲ, ಕಡಿದ ದಿನದಿಂದಲೇ ಓಡುತ್ತದೆ, ತಿಂಗಳ ಚೂರನ್ನೂ ಪೂರ್ತಿ ತಿಂಗಳೆಂದೇ ಎಣಿಸುತ್ತಾರೆ. ಜುಲೈ ಒಂದು, ಆಗಸ್ಟ್ ಒಂದು, ಒಟ್ಟು ಶೇ. 3, ಅಂದರೆ 180 ರೂಪಾಯಿ. ಇದು ಅಂಗಡಿಯ ಕೈಯಿಂದಲೇ ಹೋಗಬೇಕು, ವಿನ್ಯಾಸಕಿಯ ಶುಲ್ಕದಲ್ಲಿ ಮುರಿದುಕೊಳ್ಳುವಂತಿಲ್ಲ.

ನಮ್ಮ ಉದಾಹರಣೆಯಲ್ಲಿ ಬಿಲ್ಲೂ ಪಾವತಿಯೂ ಒಂದೇ ದಿನ ಆದವು. ಬಿಲ್ಲನ್ನು ಜುಲೈನಲ್ಲಿ ವಿನ್ಯಾಸಕಿಯ ಹೆಸರಿಗೆ ಜಮಾ ಬರೆದು ಹಣವನ್ನು ಸೆಪ್ಟೆಂಬರಿನಲ್ಲಿ ಕೊಟ್ಟಿದ್ದರೂ ಕಡಿತ ಜುಲೈನಲ್ಲೇ ಆಗಬೇಕಿತ್ತು. ಜಮಾ, ಪಾವತಿ, ಇವೆರಡರಲ್ಲಿ ಮೊದಲು ಬಂದದ್ದೇ ಕಡಿತದ ದಿನ. ಹಣ ಕೊಡುವಾಗ ನೋಡಿದರಾಯಿತು ಎಂದು ಕೂತವರಿಗೆ ತಡವಾಗಿ ಕಡಿದದ್ದಕ್ಕೆ ತಿಂಗಳಿಗೆ ಶೇ. 1ರ ಬಡ್ಡಿ ಬೀಳುತ್ತದೆ.

ಚಲನ್ ಕಟ್ಟಿದ ಮಾತ್ರಕ್ಕೆ ಹಣ ವಿನ್ಯಾಸಕಿಯ ಹೆಸರಿಗೆ ಸೇರುವುದಿಲ್ಲ, ಏಕೆಂದರೆ ಅದರಲ್ಲಿ ಆಕೆಯ ಹೆಸರೇ ಇರುವುದಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ತ್ರೈಮಾಸಿಕ ವಿವರವನ್ನು ಅಂಗಡಿ ಅಕ್ಟೋಬರ್ 31ರೊಳಗೆ 26ಕ್ಯೂ ನಮೂನೆಯಲ್ಲಿ ಸಲ್ಲಿಸಿ, ಚಲನ್ನಿಗೂ ಆಕೆಯ ಪ್ಯಾನ್‌ಗೂ ಗಂಟು ಹಾಕಬೇಕು. ಪ್ಯಾನ್‌ನ ಒಂದು ಅಕ್ಷರ ತಪ್ಪಿದರೂ ವಿವರವನ್ನು ತಿದ್ದಿ ಮತ್ತೆ ಸಲ್ಲಿಸದೆ ಬೇರೆ ದಾರಿಯಿಲ್ಲ. ಸರಿಯಿದ್ದರೆ ಆಕೆಯ 26ಎಎಸ್‌ನಲ್ಲಿ 60,000 ಶುಲ್ಕ, 6,000 ತೆರಿಗೆ ಎಂದು ಕಾಣುತ್ತದೆ, ಅಂಗಡಿಯಿಂದ 16ಎ ಪ್ರಮಾಣಪತ್ರವೂ ಬರುತ್ತದೆ.

ವಿನ್ಯಾಸಕಿಯ ಪುಸ್ತಕದಲ್ಲೂ ಆದಾಯ 60,000 ಎಂದೇ ಬರೆಯಬೇಕು: ಬ್ಯಾಂಕಿಗೆ ಬಂದದ್ದು 54,000, ಸರ್ಕಾರದ ಬಳಿ ಜಮೆಯಿರುವುದು 6,000. ಕೈಗೆ ಬಂದದ್ದಷ್ಟೇ ತೋರಿಸಿದರೆ ರಿಟರ್ನ್ ಇಲಾಖೆಯ ದಾಖಲೆಗೆ ತಾಳೆಯಾಗದೆ ನೋಟಿಸು ಬರಬಹುದು. ಪೂರ್ತಿ ತೋರಿಸಿದರೆ ವರ್ಷದ ತೆರಿಗೆಯಲ್ಲಿ ಆ 6,000 ವಜಾ ಆಗುತ್ತದೆ, ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ ಉಳಿದದ್ದು ರೀಫಂಡ್ ಆಗಿ ಆಕೆಯ ಖಾತೆಗೆ ಮರಳುತ್ತದೆ.