ಹೊಸ ಫ್ಲ್ಯಾಟ್ ತಪಾಸಣೆ: ಎಂಜಿನಿಯರ್ ವಾಯ್ಸ್ ನೋಟ್‌ನಿಂದ ಸ್ನ್ಯಾಗ್ ಲಿಸ್ಟ್ ತಯಾರಿಸುವುದು ಹೇಗೆ?

ಮುಂಬೈ: ಹೊಸ ಫ್ಲ್ಯಾಟ್‌ನ ಕೀಲಿ ಪಡೆಯುವ ಮುನ್ನ ಎಂಜಿನಿಯರ್ ಒಬ್ಬರನ್ನು ಕರೆದೊಯ್ದು ತಪಾಸಣೆ ಮಾಡಿಸುವವರು ಇದ್ದಾರೆ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಟೈಲ್ಸ್ ತಟ್ಟಿ ನೋಡುವ ಕೋಲು ಇರುವಾಗ ಬರೆಯಲು ಪುರಸೊತ್ತಿರುವುದಿಲ್ಲ. ಹಾಗಾಗಿ ಎಂಜಿನಿಯರ್ ಕಂಡದ್ದನ್ನೆಲ್ಲ ಮೊಬೈಲ್‌ನಲ್ಲಿ ಹೇಳುತ್ತಾ ಹೋಗುತ್ತಾರೆ. ಆದರೆ ಬಿಲ್ಡರ್‌ಗೆ ಕೊಡಬೇಕಾದದ್ದು ಆಡಿಯೊ ಅಲ್ಲ, ದೋಷಗಳ ಲಿಖಿತ ಪಟ್ಟಿ. ಇದನ್ನೇ ಸ್ನ್ಯಾಗ್ ಲಿಸ್ಟ್ ಎನ್ನುತ್ತಾರೆ.

ಈ ಪಟ್ಟಿಗೆ ಕಾನೂನಿನ ಬೆಲೆಯೂ ಇದೆ. ರೇರಾ ಕಾಯ್ದೆಯ ಸೆಕ್ಷನ್ 14(3)ರ ಪ್ರಕಾರ, ಮನೆ ಹಸ್ತಾಂತರವಾದ 5 ವರ್ಷದೊಳಗೆ ರಚನೆ ಅಥವಾ ಕಾಮಗಾರಿಯ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ ಅದನ್ನು 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕು. ಯಾವ ದೋಷ, ಎಲ್ಲಿ ಎಂಬುದು ಸ್ಪಷ್ಟವಾಗಿದ್ದರೆ ಮಾತ್ರ ಮುಂದೆ ವಾದಿಸಲು ಸಾಧ್ಯ.

ಒಂದು ಉದಾಹರಣೆ

12ನೇ ಮಹಡಿಯ ಫ್ಲ್ಯಾಟ್‌ ಒಂದರ ವಾಯ್ಸ್ ನೋಟ್ ಹೀಗಿದೆ ಎಂದುಕೊಳ್ಳಿ: 'ಮಾಸ್ಟರ್ ಬೆಡ್‌ರೂಮ್. ಛೇ, ಬಾಗಿಲಿನ ಪಾಲಿಶ್ ಪೂರ್ತಿ ಹಾಳು ಮಾಡಿದ್ದಾರೆ. ಕಿಟಕಿ ಕೆಳಗೆ ಓಲ್ ಇದೆ, ಪೇಂಟ್ ಉಬ್ಬಿದೆ. ಎರಡು ಟೈಲ್ಸ್ ಪೋಲಾ. ಬಾತ್‌ರೂಮ್ ಢಾಲ್ ಉಲ್ಟಾ, ನೀರು ಬಾಗಿಲಿಗೆ ಬರುತ್ತೆ. ಪಕ್ಕದ್ದರಲ್ಲೂ ಅದೇ. ಬಾಲ್ಕನಿ ರೇಲಿಂಗ್ ಸ್ವಲ್ಪ ಅಲ್ಲಾಡುತ್ತೆ.'

ಇಲ್ಲಿ ಓಲ್ ಎಂದರೆ ತೇವ, ಪೋಲಾ ಎಂದರೆ ಟೊಳ್ಳು, ಢಾಲ್ ಎಂದರೆ ಇಳಿಜಾರು. ಮುಂಬೈ ಸೈಟ್‌ಗಳಲ್ಲಿ ಮರಾಠಿ, ಹಿಂದಿ ಪದಗಳು ಹೀಗೆ ಬೆರೆತೇ ಬರುತ್ತವೆ. ಮೊಬೈಲ್‌ನ ವಾಯ್ಸ್ ಟೈಪಿಂಗ್ 'ಢಾಲ್' ಅನ್ನು 'ದಾಲ್' ಎಂದು ಬರೆದುಬಿಡಬಹುದು. ಆದ್ದರಿಂದ ಟೈಪ್ ಆದದ್ದನ್ನು ಆಡಿಯೊ ಕೇಳುತ್ತಲೇ ತಿದ್ದಬೇಕು.

ಮೊದಲು ಜಾಗ

ವಿಂಗ್, ಮಹಡಿ, ಫ್ಲ್ಯಾಟ್, ಕೋಣೆ, ಗೋಡೆ ಎಂಬ ಕ್ರಮದಲ್ಲಿ ಜಾಗ ಬರೆಯಬೇಕು. ಪಾರ್ಕಿಂಗ್ ಪೋಡಿಯಂ ಇರುವ ಗಗನಚುಂಬಿಗಳಲ್ಲಿ ಕೆಲಸಗಾರರು ಎಣಿಸುವ 12ನೇ ಸ್ಲ್ಯಾಬ್ ಮತ್ತು ಮಾರಾಟದ ದಾಖಲೆಯ 12ನೇ ಮಹಡಿ ಒಂದೇ ಆಗಿರಬೇಕೆಂದಿಲ್ಲ. ಹೀಗಾಗಿ ಫ್ಲ್ಯಾಟ್ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಳ್ಳುವುದು ಸುರಕ್ಷಿತ. 'ಎಡಗಡೆ ಗೋಡೆ' ಎಂದರೆ ಯಾರ ಎಡ ಎಂಬ ಪ್ರಶ್ನೆ ಏಳುತ್ತದೆ. ಬದಲಿಗೆ 'ಬಾಗಿಲಲ್ಲಿ ನಿಂತು ಒಳಗೆ ನೋಡಿದಾಗ ಎಡಕ್ಕೆ' ಎಂಬ ಒಂದೇ ನಿಯಮ ಇರಲಿ.

'ಪಕ್ಕದ್ದರಲ್ಲೂ ಅದೇ' ಎಂಬ ಮಾತು ಇಲ್ಲಿ ಅತಿ ಅಪಾಯಕಾರಿ. ಪಕ್ಕದ ಬಾತ್‌ರೂಮೋ, ಪಕ್ಕದ ಫ್ಲ್ಯಾಟೋ? ಊಹಿಸಿ ಬರೆಯದೆ 'ಖಚಿತಪಡಿಸಬೇಕು' ಎಂದು ಪ್ರತ್ಯೇಕ ಸಾಲು ಹಾಕಿ, ಎಂಜಿನಿಯರ್‌ಗೆ ಕೇಳಬೇಕು.

ಒಂದು ಕಾರಣ, ಒಂದು ಸಾಲು

ತೇವ ಮತ್ತು ಉಬ್ಬಿದ ಪೇಂಟ್ ಎರಡು ದೋಷಗಳಂತೆ ಕೇಳಿಸುತ್ತವೆ. ಆದರೆ ಪೇಂಟ್ ಉಬ್ಬಿದ್ದು ತೇವದಿಂದ. ಪ್ರತ್ಯೇಕವಾಗಿ ಬರೆದರೆ ಗುತ್ತಿಗೆದಾರ ಹೊಸ ಪೇಂಟ್ ಬಳಿದು ಒಂದು ಸಾಲಿಗೆ 'ಮುಗಿದಿದೆ' ಎಂದು ಹಾಕುತ್ತಾನೆ, ನೀರು ಬರುವ ದಾರಿ ಹಾಗೇ ಉಳಿಯುತ್ತದೆ. 'ಕಿಟಕಿ ಕೆಳಗೆ ತೇವ, ಅದರಿಂದ ಪೇಂಟ್ ಉಬ್ಬಿದೆ' ಎಂಬ ಒಂದೇ ಸಾಲು ಸರಿ.

ಗಂಭೀರತೆ ಧ್ವನಿಯಲ್ಲಿಲ್ಲ

ಎಂಜಿನಿಯರ್ ಸಿಟ್ಟಾದದ್ದು ಪಾಲಿಶ್ ಬಗ್ಗೆ, ಮೆಲ್ಲಗೆ ಹೇಳಿ ಮುಗಿಸಿದ್ದು ರೇಲಿಂಗ್ ಬಗ್ಗೆ. ಆದರೆ 12ನೇ ಮಹಡಿಯ ಬಾಲ್ಕನಿಯಲ್ಲಿ ಅಲ್ಲಾಡುವ ರೇಲಿಂಗ್ ಪ್ರಾಣಾಪಾಯ. ಸರಿಪಡಿಸದೆ ಬಿಟ್ಟರೆ ಏನಾಗುತ್ತದೆ ಎಂಬುದೇ ಅಳತೆಗೋಲು:

* ಗಂಭೀರ: ಜೀವಕ್ಕೆ ಅಪಾಯ ಅಥವಾ ನೀರಿನಿಂದ ಹಾನಿ ಹರಡುವಂಥದ್ದು. ರೇಲಿಂಗ್, ಕಿಟಕಿಯ ತೇವ, ಬಾತ್‌ರೂಮ್ ಇಳಿಜಾರು.
* ಮಧ್ಯಮ: ಬಳಕೆಯಲ್ಲಿ ತೊಂದರೆ ಕೊಡುವಂಥದ್ದು. ಮುಂದೆ ಬಿರುಕು ಬಿಡಬಹುದಾದ ಟೊಳ್ಳು ಟೈಲ್ಸ್.
* ಸಣ್ಣದು: ನೋಟಕ್ಕೆ ಮಾತ್ರ ಸಂಬಂಧಿಸಿದ್ದು. ಬಾಗಿಲಿನ ಪಾಲಿಶ್.

ಒಟ್ಟು ಐದು ದೋಷ, ಒಂದು ಪ್ರಶ್ನೆ. ಪ್ರತಿ ಸಾಲಿನ ಮುಂದೆ ಫೋಟೊ ಸಂಖ್ಯೆ ಮತ್ತು ಆಡಿಯೊದಲ್ಲಿ ಆ ಮಾತು ಬರುವ ನಿಮಿಷ-ಸೆಕೆಂಡ್ ಬರೆದಿಟ್ಟರೆ ತಕರಾರು ಬಂದಾಗ ತಕ್ಷಣ ಪರಿಶೀಲಿಸಬಹುದು. ಕೊನೆಗೆ ಎಂಜಿನಿಯರ್ ಪಟ್ಟಿ ಓದಿ ಸಹಿ ಹಾಕಬೇಕು, ಏಕೆಂದರೆ ಗಂಭೀರತೆ ನಿರ್ಧರಿಸುವುದು ಬರೆದುಕೊಂಡವರ ಕೆಲಸವಲ್ಲ.

ಪಟ್ಟಿಗೆ ಸಿಗದದ್ದು

ಬೇಸಿಗೆಯಲ್ಲಿ ತಪಾಸಣೆ ಮಾಡಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಸೋರುವ ಗೋಡೆ ಒಣಗಿಯೇ ಕಾಣುತ್ತದೆ. ಬಾತ್‌ರೂಮ್‌ನ ವಾಟರ್‌ಪ್ರೂಫಿಂಗ್ ತಿಳಿಯಬೇಕಾದರೆ ನೀರು ಹೋಗುವ ಜಾಲಿ ಮುಚ್ಚಿ, 24ರಿಂದ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯ ಛಾವಣಿ ನೋಡಬೇಕು. ಹೀಗಾಗಿ ಯಾವ ಪರೀಕ್ಷೆ ಮಾಡಿಲ್ಲ ಎಂಬುದನ್ನೂ ದಿನಾಂಕದೊಂದಿಗೆ ಪಟ್ಟಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ 'ಆಗ ಎಲ್ಲ ಸರಿ ಇತ್ತಲ್ಲ' ಎಂಬ ಉತ್ತರ ಮೊದಲ ಮಳೆಗಾಲದಲ್ಲೇ ಎದುರಾಗಬಹುದು.